ದೀಪಾವಳಿ ಬಾಕ್ಸ್ ಎಷ್ಟು ದಿನ ಬಾಳುತ್ತದೆ?

ಆಯುಧಪೂಜೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಸ್ವೀಟ್ ಅಂಗಡಿಗಳ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ: ‘ದೀಪಾವಳಿಗೆ ಬಲ್ಕ್ ಆರ್ಡರ್ ಸ್ವೀಕರಿಸಲಾಗುತ್ತದೆ, ಸಂಪರ್ಕಿಸಿ.’ ಕಂಪನಿಯೊಂದರ ಎಚ್‌ಆರ್ ವಿಭಾಗದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅವರು ಮೊದಲು ಕೇಳುವುದು ರುಚಿಯನ್ನಲ್ಲ, ದಿನಾಂಕವನ್ನು.

ಒಂದು ಕಂಪನಿಗೆ ಅರ್ಧ ಕೆ.ಜಿ.ಯ 200 ಬಾಕ್ಸ್ ಬೇಕು ಎಂದುಕೊಳ್ಳಿ, ಅಂದರೆ 100 ಕೆ.ಜಿ. ಸಿಹಿ. ನರಕ ಚತುರ್ದಶಿ ಸೋಮವಾರ ಬಂದರೆ ಊರಿಗೆ ಹೋಗುವವರೆಲ್ಲ ಶುಕ್ರವಾರ ರಾತ್ರಿಯೇ ಬಸ್ ಹತ್ತುತ್ತಾರೆ. ಹಾಗಾಗಿ ಗುರುವಾರ ಹಂಚಬೇಕು, ಬುಧವಾರ ಆಫೀಸಿಗೆ ತಲುಪಿಸಬೇಕು, ಮಂಗಳವಾರ ಪ್ಯಾಕ್ ಮಾಡಬೇಕು, ಸೋಮವಾರವೇ ಒಲೆ ಹಚ್ಚಬೇಕು. ಸೋಮವಾರ ಮಾಡಿದ ಸಿಹಿಯ ಬಾಕ್ಸನ್ನು ಹುಬ್ಬಳ್ಳಿಯ ಮನೆಯಲ್ಲಿ ತೆರೆಯುವುದು ಹಬ್ಬದ ದಿನ, ಪೂರಾ ಒಂದು ವಾರದ ನಂತರ.

ತುಪ್ಪದ ಮೈಸೂರ್ ಪಾಕ್, ಬೇಸನ್ ಉಂಡೆ ಈ ವಾರವನ್ನು ಸಲೀಸಾಗಿ ದಾಟುತ್ತವೆ. ಕಾಜು ಕಟ್ಲಿಯೂ ದಾಟುತ್ತದೆ. ಹಾಲಿನ ಪೇಡ, ಕಲಾಕಂದ್ ದಾಟುವುದಿಲ್ಲ. ನೋಡಲು ಚೆಂದವೆಂದು ನಾಲ್ಕು ಬಗೆಯನ್ನು ಸೇರಿಸುವಾಗ ಎಡವುವುದು ಇಲ್ಲೇ: ಬಾಕ್ಸಿನಲ್ಲಿ ಯಾವುದು ಮೊದಲು ಕೆಡುತ್ತದೋ ಅಷ್ಟೇ ಇಡೀ ಬಾಕ್ಸಿನ ಆಯಸ್ಸು. ಕಲಾಕಂದ್‌ನ ತೇವ ಪಕ್ಕದ ಒಣ ಸಿಹಿಗೂ ಹತ್ತುತ್ತದೆ. ಬಿಸಿ ಆರುವ ಮೊದಲೇ ಪ್ಯಾಕ್ ಮಾಡಿದರೆ ಒಣ ಸಿಹಿಗೂ ಉಳಿಗಾಲವಿಲ್ಲ. ಮುಚ್ಚಳದ ಒಳಗೆ ಹಬೆ ನೀರಾಗಿ ಇಳಿದು ಬೂಸ್ಟು ಕಟ್ಟುತ್ತದೆ. ಮುಚ್ಚಳದ ಒಳಬದಿಯಲ್ಲಿ ಹನಿ ಕಂಡರೆ ಆ ಬಾಕ್ಸನ್ನು ಕಳಿಸಲೇಬಾರದು.

ಕಂಪನಿಯ ಲೋಗೋ ಹಾಕಿದ ಬಾಕ್ಸ್ ಬೇಕೆಂದರೆ ಇನ್ನೂ ಮುಂಚೆ ಹೊರಡಬೇಕು. ಹಬ್ಬದ ಸಮಯದಲ್ಲಿ ಪ್ರಿಂಟಿಂಗ್‌ನವರ ಕೈ ತುಂಬಿರುತ್ತದೆ. ಡಿಸೈನ್ ಒಪ್ಪಿಗೆಗೇ ಎರಡು ಮೂರು ದಿನ ಹಿಡಿಯುತ್ತದೆ. ಆದ್ದರಿಂದ ಪೋಸ್ಟ್‌ನಲ್ಲಿ ಎರಡು ಕೊನೆಯ ದಿನಾಂಕಗಳಿರಲಿ: ಲೋಗೋ ಬಾಕ್ಸಿಗೆ ಒಂದು, ಸಾದಾ ಬಾಕ್ಸಿಗೆ ಇನ್ನೊಂದು.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ದೀಪಾವಳಿ ಗಿಫ್ಟ್ ಬಾಕ್ಸ್. ಮೈಸೂರ್ ಪಾಕ್ 250 ಗ್ರಾಂ, ಕಾಜು ಕಟ್ಲಿ 250 ಗ್ರಾಂ. ಬಾಕ್ಸಿನ ತೂಕ ಸೇರಿಲ್ಲ. ತಯಾರಾದ ದಿನದಿಂದ 10 ದಿನ ಬಳಸಬಹುದು, ಫ್ರಿಜ್ ಬೇಡ. ಕನಿಷ್ಠ 25 ಬಾಕ್ಸ್. ಅರ್ಧ ಹಣ ಮುಂಗಡ, ಜಿಎಸ್‌ಟಿ ಬಿಲ್ ಸಿಗುತ್ತದೆ.’ ಇದರ ಕೆಳಗೆ ಬೆಲೆ, ಆ ಎರಡು ದಿನಾಂಕ ಮತ್ತು ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್. ಸಿಹಿಗೆ ಶೇ. 5 ಜಿಎಸ್‌ಟಿ ಇದೆ. ಬೆಲೆಯಲ್ಲಿ ಅದು ಸೇರಿದೆಯೋ ಇಲ್ಲವೋ ಎಂಬುದನ್ನು ಬರೆಯದಿದ್ದರೆ ಬಿಲ್ ದಿನ ಜಗಳ ಖಂಡಿತ. ಫೋಟೊ ಕೂಡ ಅದೇ ಬಾಕ್ಸಿನದಾಗಿರಲಿ, ಇಂಟರ್‌ನೆಟ್‌ನಿಂದ ತೆಗೆದದ್ದು ಬೇಡ.

ಆರ್ಡರ್ ಕೊಡುವವರಿಗೂ ಒಂದು ಮಾತು. 200 ಬಾಕ್ಸ್ ಒಪ್ಪುವ ಮೊದಲು ಒಂದೇ ಒಂದು ಬಾಕ್ಸ್ ತರಿಸಿಕೊಂಡು ವಾರದ ಮಟ್ಟಿಗೆ ಮೇಜಿನ ಮೇಲಿಡಿ. ಎಂಟನೇ ದಿನ ತೆರೆದು ತಿಂದು ನೋಡಿ, ಆಮೇಲೆ ಮುಂಗಡ ಕೊಡಿ.