ಸಾಲು ಕೂಡಿದರೆ ಒಂದು, ಒಟ್ಟು ಮೊತ್ತ ಇನ್ನೊಂದು

ಹಾಸನದ ಒಂದು ಬೇಕರಿಗೆ 2025ರ ನವೆಂಬರ್ 6ರಂದು ಬಾಕ್ಸು, ಕವರಿನ ಲೋಡು ಬಂತು ಎಂದಿಟ್ಟುಕೊಳ್ಳಿ. ಜೊತೆಗೆ ಬಂದ ಬಿಲ್ಲಿನಲ್ಲಿ ನಾಲ್ಕೇ ಸಾಲು. ಒಂದು ಕೆಜಿ ಕೇಕಿನ ಬಾಕ್ಸು 500, ತಲಾ 14 ರೂಪಾಯಿಯಂತೆ 7,000. ಅರ್ಧ ಕೆಜಿಯ ಬಾಕ್ಸು 800, ಒಂಬತ್ತೂವರೆಯಂತೆ 7,600. ಪೇಸ್ಟ್ರಿ ಬಾಕ್ಸು 1,000, ಮೂರು ರೂಪಾಯಿ ಇಪ್ಪತ್ತು ಪೈಸೆಯಂತೆ 3,200. ಬ್ರೆಡ್ಡಿನ ಪ್ಲಾಸ್ಟಿಕ್ ಕವರು 40 ಕೆಜಿ, 165ರಂತೆ 6,600. ಕೂಡಿದರೆ 24,400. ಕಾಗದದ ಬಾಕ್ಸಿಗೆ ಶೇ 5, ಪ್ಲಾಸ್ಟಿಕ್ಕಿಗೆ ಶೇ 18 ಜಿಎಸ್‌ಟಿ ಸೇರಿದರೆ 26,478 ರೂಪಾಯಿ ಆಗಬೇಕು. ಬಿಲ್ಲಿನ ತಳದಲ್ಲಿ ದಪ್ಪ ಅಕ್ಷರದಲ್ಲಿರುವುದು 29,838.

ವ್ಯತ್ಯಾಸ 3,360. ಕೆಲವು ಪೈಸೆಗಳಾಗಿದ್ದರೆ ‘ರೌಂಡ್ ಆಫ್’ ಎಂದು ಬಿಟ್ಟುಬಿಡಬಹುದಿತ್ತು, ಅದಕ್ಕೆ ಪತ್ರ ಬರೆಯುವವರಿಲ್ಲ. ಇದು ಹಾಗೆ ಬಿಡುವ ಮೊತ್ತವಲ್ಲ. ಆದರೆ ಪತ್ರಕ್ಕೆ ಕೂರುವ ಮುನ್ನ ಆ ವ್ಯತ್ಯಾಸವನ್ನೇ ಸ್ವಲ್ಪ ಹೊತ್ತು ದಿಟ್ಟಿಸಬೇಕು. ತಪ್ಪು ಎಲ್ಲಿ ಹುಟ್ಟಿತು ಎಂಬುದನ್ನು ಬಹಳ ಸಲ ಅದೇ ಹೇಳಿಬಿಡುತ್ತದೆ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಯಾರೋ ಎರಡು ಅಂಕಿಗಳನ್ನು ಹಿಂದುಮುಂದಾಗಿ ಬರೆದಿರಬಹುದೆಂದು ಹಳೆಯ ಲೆಕ್ಕಿಗರು ಅನುಮಾನಿಸುತ್ತಾರೆ; 540 ಬರೆಯುವಲ್ಲಿ 450 ಬರೆದ ಹಾಗೆ. 3,360 ಹಾಗೆ ಭಾಗವಾಗುವುದಿಲ್ಲ.

ಇಲ್ಲಿ ಸುಳಿವು ತೆರಿಗೆಯ ಸಾಲಿನಲ್ಲಿದೆ. ಶೇ 5ರ ತೆರಿಗೆಯಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಬಿಲ್ಲಿನಲ್ಲಿ ಎರಡೂವರೆ ಪರ್ಸೆಂಟಿನ ಎದುರು 525 ಎಂದು ಎರಡು ಸಲ ಇದೆ. ಎರಡೂವರೆ ಪರ್ಸೆಂಟಿಗೆ 525 ಬರಬೇಕಾದರೆ ಮಾಲಿನ ಬೆಲೆ 21,000 ಇರಬೇಕು. ಕಾಗದದ ಬಾಕ್ಸಿನ ಮೂರೂ ಸಾಲು ಸೇರಿದರೆ ಬರುವುದು 17,800 ಮಾತ್ರ. ಹೆಚ್ಚಾದದ್ದು ಸರಿಯಾಗಿ 3,200, ಅಂದರೆ ಪೇಸ್ಟ್ರಿ ಬಾಕ್ಸಿನ ಬೆಲೆ. ಅದರ ಮೇಲಿನ ತೆರಿಗೆ 160 ಸೇರಿಸಿದರೆ 3,360. ಪೇಸ್ಟ್ರಿ ಬಾಕ್ಸು ಎರಡು ಸಲ ಲೆಕ್ಕಕ್ಕೆ ಬಿದ್ದಿರುವಂತಿದೆ.

ಇದು ಹೇಗಾಗುತ್ತದೆ? ಸಣ್ಣ ಸರಬರಾಜುದಾರರಲ್ಲಿ ಅನೇಕರು ಬಿಲ್ಲನ್ನು ಎಕ್ಸೆಲ್‌ನಲ್ಲೇ ಮಾಡುತ್ತಾರೆ. ಹಿಂದಿನ ಬಿಲ್ಲಿನ ಪ್ರತಿ ತೆಗೆದು, ಬೇಡದ ಸಾಲನ್ನು ಅಳಿಸುವ ಬದಲು ಮರೆಮಾಡಿಬಿಟ್ಟರೆ ಪ್ರಿಂಟಿನಲ್ಲಿ ಆ ಸಾಲು ಕಾಣುವುದಿಲ್ಲ. ಆದರೆ ಎಕ್ಸೆಲ್‌ನ `SUM` ಸೂತ್ರ ಮರೆಯಾದ ಸಾಲನ್ನೂ ಕೂಡುತ್ತದೆ. ಮೋಸ ಮಾಡುವ ಉದ್ದೇಶವೇ ಇಲ್ಲದೆ ಇಂಥ ಬಿಲ್ಲು ಹುಟ್ಟಬಹುದು. ಪತ್ರದ ಧಾಟಿ ತಣ್ಣಗಿರಬೇಕು ಅನ್ನುವುದು ಇದಕ್ಕೇ.

ಇನ್ನೊಂದು ಸಾಧ್ಯತೆಯೂ ಉಂಟು. ನಿಜಕ್ಕೂ 2,000 ಪೇಸ್ಟ್ರಿ ಬಾಕ್ಸು ಬಂದಿದ್ದು, ಬಿಲ್ಲಿನ ಸಾಲಿನಲ್ಲೇ ಪ್ರಮಾಣ ತಪ್ಪಾಗಿರಬಹುದು. ಹಾಗಿದ್ದರೆ ಸರಿ ಇರುವುದು ಒಟ್ಟು ಮೊತ್ತವೇ. ಹಾಗಾಗಿ ಮೊದಲ ಕೆಲಸ ಗೋದಾಮಿನಲ್ಲಿ ಬಂಡಲ್ ಎಣಿಸುವುದು, ಮಾಲು ಇಳಿಸಿಕೊಂಡಾಗ ಸಹಿ ಮಾಡಿದ ಡೆಲಿವರಿ ಚಲನ್ ನೋಡುವುದು. ಎಣಿಕೆ 1,000 ಬಂದರೆ ಮಾತ್ರ ಪತ್ರಕ್ಕೆ ಕಾಲು ಬರುತ್ತದೆ.

ಫೋನ್ ಮಾಡಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಗೊತ್ತಿರುವುದೇ: ‘ಬಿಡಿ ಅಣ್ಣಾ, ಮುಂದಿನ ಬಿಲ್ಲಲ್ಲಿ ಕಮ್ಮಿ ಮಾಡಿಕೊಡ್ತೀನಿ.’ ಈ ಸೌಜನ್ಯವೇ ತೊಡಕು. ಮುಂದಿನ ಬಿಲ್ಲಿನಲ್ಲಿ ಕಡಿಮೆ ಮಾಡಿದರೂ ಈ ಬಿಲ್ಲು ಜಿಎಸ್‌ಟಿ ಜಾಲದಲ್ಲಿ 29,838ಕ್ಕೇ ಕೂತಿರುತ್ತದೆ. ಹೆಚ್ಚುವರಿ 160 ರೂಪಾಯಿ ತೆರಿಗೆ ಬೇಕರಿಯ ಹೆಸರಿನಲ್ಲಿ ಕಾಣಿಸುತ್ತದೆ; ಬಾರದ ಮಾಲಿನ ತೆರಿಗೆಯನ್ನು ಜಮೆಗೆ ಹಿಡಿಯುವಂತಿಲ್ಲ. ಹೋಗಲಿ ಎಂದು ಇಡೀ ಬಿಲ್ಲನ್ನೇ ಪೋರ್ಟಲ್‌ನಲ್ಲಿ ತಿರಸ್ಕರಿಸಿದರೆ ನ್ಯಾಯವಾಗಿ ಸಿಗಬೇಕಾದ 2,078 ರೂಪಾಯಿಯ ಜಮೆಯೂ ಕೈತಪ್ಪುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಬೇಕರಿಗೆ ಜಮೆಯ ಪ್ರಶ್ನೆಯೇ ಇಲ್ಲ, ಅವರಿಗೆ 3,360 ಪೂರ್ತಿ ಜೇಬಿನ ನಷ್ಟ.

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಬಿಲ್ಲಿನಲ್ಲಿ ಬೆಲೆಯೋ ತೆರಿಗೆಯೋ ಹೆಚ್ಚಾಗಿ ನಮೂದಾಗಿದ್ದರೆ ಮಾರಿದವರು ಕ್ರೆಡಿಟ್ ನೋಟ್ ಕೊಡಬಹುದು ಎನ್ನುತ್ತದೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್. ಪತ್ರ ಕೇಳಬೇಕಾದದ್ದು ಅದನ್ನೇ. ಅಂಥ ಪತ್ರ ಹೀಗಿದ್ದರೆ ಸಾಕು:

‘ಮಾನ್ಯರೇ, ತಮ್ಮ ಬಿಲ್ ನಂ. 412, ದಿನಾಂಕ 6-11-2025. ಇದರಲ್ಲಿನ ನಾಲ್ಕು ಸಾಲುಗಳ ಮೊತ್ತ 24,400 ರೂ., ಅದರ ಮೇಲಿನ ಜಿಎಸ್‌ಟಿ 2,078 ರೂ., ಒಟ್ಟು 26,478 ರೂ. ಆಗುತ್ತದೆ. ಬಿಲ್ಲಿನಲ್ಲಿ ನಮೂದಾದ ಒಟ್ಟು 29,838 ರೂ. ವ್ಯತ್ಯಾಸ 3,360 ರೂ. ಇದು ಪೇಸ್ಟ್ರಿ ಬಾಕ್ಸಿನ ಸಾಲಿಗೂ ಅದರ ತೆರಿಗೆಗೂ ಸಮನಾಗಿದೆ. ನಮಗೆ ತಲುಪಿದ ಪೇಸ್ಟ್ರಿ ಬಾಕ್ಸು 1,000 ಮಾತ್ರ. ಚಲನ್ ಪ್ರತಿ ಲಗತ್ತಿಸಿದೆ. ದಯವಿಟ್ಟು ಪರಿಶೀಲಿಸಿ, ಬೆಲೆ 3,200, ಸಿಜಿಎಸ್‌ಟಿ 80, ಎಸ್‌ಜಿಎಸ್‌ಟಿ 80ಕ್ಕೆ ಕ್ರೆಡಿಟ್ ನೋಟ್ ಕಳುಹಿಸಿ. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಮ್ಮ ಚಲನ್‌ನೊಂದಿಗೆ ತಿಳಿಸಿ. ತಕರಾರಿಲ್ಲದ 26,478 ರೂಪಾಯಿಯನ್ನು ಮಾತಾಗಿರುವ ದಿನದಂದು ಈ ಬಿಲ್ಲಿನ ಬಾಬ್ತೇ ಪಾವತಿಸುತ್ತೇವೆ.’

‘ಈ ಬಿಲ್ಲಿನ ಬಾಬ್ತೇ’ ಅನ್ನುವುದು ಸುಮ್ಮನೆ ಸೇರಿದ್ದಲ್ಲ. ಒಬ್ಬರಿಗೇ ಹಲವು ಬಾಕಿ ಇದ್ದಾಗ, ಕೊಟ್ಟ ಹಣ ಯಾವ ಬಾಕಿಗೆ ಎಂದು ಹೇಳುವ ಹಕ್ಕು ಕೊಡುವವರದ್ದು ಎಂದು ಭಾರತೀಯ ಕರಾರು ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತದೆ. ಹೇಳದೆ ಕೊಟ್ಟರೆ ಪಡೆದವರು ತಮಗೆ ಬೇಕಾದ ಹಳೆಯ ಬಾಕಿಗೆ ಜಮೆ ಮಾಡಿಕೊಂಡು, ಈ ಬಿಲ್ಲು ಪೂರ್ತಿ ನಿಂತಿದೆ ಎನ್ನಬಹುದು. ಇನ್ನು, 3,360ರ ಸಲುವಾಗಿ ಇಡೀ 29,838 ತಡೆಹಿಡಿಯುವುದು ಕೋಪಕ್ಕೆ ಸರಿ, ವ್ಯವಹಾರಕ್ಕೆ ಸರಿಯಲ್ಲ. ಬಾಕ್ಸು ತಯಾರಿಸುವವರು ಉದ್ಯಮ್ ನೋಂದಣಿಯ ಸಣ್ಣ ಘಟಕವಾಗಿದ್ದರೆ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿ ಹಣ ನಿಲ್ಲಿಸುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಏರುತ್ತದೆ.

ಅದೇ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಕೊಳ್ಳುವವರೂ ಗಮನಿಸಬೇಕಾದ ಗಡುವು ಒಂದಿದೆ. ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಎತ್ತದಿದ್ದರೆ ಮಾಲನ್ನು ಒಪ್ಪಿಕೊಂಡಂತೆ. ಇದು ಮಾಲಿನ ಬಗೆಗಿನ ಮಾತು, ಬಿಲ್ಲಿನ ಕೂಡಿಕೆಗೆ ಅನ್ವಯಿಸದು ಎಂದು ವಕೀಲರು ವಾದಿಸಬಹುದು. ಆದರೆ ‘ನಮಗೆ ತಲುಪಿದ್ದು 1,000’ ಎಂಬ ವಾಕ್ಯ ಮಾಲಿನ ಬಗೆಗೇ ಇದೆಯಲ್ಲ! ಫೋನಿನ ಮಾತು ಇಲ್ಲಿ ನಡೆಯದು. ಪತ್ರವನ್ನು ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ತಲುಪಿದ ಗುರುತು ಇಟ್ಟುಕೊಂಡರೆ ದಿನಾಂಕದ ಜಗಳವೂ ಇರುವುದಿಲ್ಲ.

ಬೇಗ ಬರೆಯುವುದರಿಂದ ಮಾರಿದವರಿಗೂ ಅನುಕೂಲ. ತಿಂಗಳ ಲೆಕ್ಕ ಒಪ್ಪಿಸುವವರು ನವೆಂಬರ್ ಮಾರಾಟದ ವಿವರವನ್ನು ಡಿಸೆಂಬರ್ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ಹಾಕಬೇಕು. ಪತ್ರ ಬೇಗ ಕೈಸೇರಿ ನವೆಂಬರ್ ತಿಂಗಳಲ್ಲೇ ಕ್ರೆಡಿಟ್ ನೋಟ್ ಕೊಟ್ಟರೆ ಬಿಲ್ಲೂ ಕ್ರೆಡಿಟ್ ನೋಟೂ ಒಂದೇ ತಿಂಗಳಲ್ಲಿ ಕೂರುತ್ತವೆ. ತಡವಾದರೂ ಬಾಗಿಲು ಮುಚ್ಚುವುದಿಲ್ಲ; 2025-26ರ ಬಿಲ್ಲಿಗೆ 2026ರ ನವೆಂಬರ್ 30ರವರೆಗೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಅಲ್ಲಿಯವರೆಗೆ, ಅವಕಾಶ ಇದೆ. ಆಮೇಲೆ ಕ್ರೆಡಿಟ್ ನೋಟ್ ಕೊಟ್ಟರೂ ಅದರಿಂದ ತೆರಿಗೆ ಇಳಿಸಿಕೊಳ್ಳಲಾಗದ ಕಾರಣ, ಆ 160 ರೂಪಾಯಿ ಬಿಟ್ಟುಕೊಡಲು ಮಾರಿದವರು ಹಿಂದೇಟು ಹಾಕುತ್ತಾರೆ.

ಕ್ರೆಡಿಟ್ ನೋಟ್ ಬಂದ ಮೇಲೆ ಅದರಲ್ಲಿ ಮೂಲ ಬಿಲ್ಲಿನ ನಂಬರು 412 ಇದೆಯೇ, ತೆರಿಗೆ 80 ಮತ್ತು 80 ಎಂದು ಬೇರೆಬೇರೆಯಾಗಿ ತೋರಿಸಿದೆಯೇ ಎಂದು ನೋಡಬೇಕು. ಮುಂದಿನ ತಿಂಗಳ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬಿಲ್ಲಿನ ಜೊತೆಗೆ ಅದೂ ಕಂಡರೆ, ಕಡತದಲ್ಲಿ ಪತ್ರ, ಚಲನ್, ಕ್ರೆಡಿಟ್ ನೋಟ್ ಮೂರನ್ನೂ ಒಂದೇ ಪಿನ್ನಿಗೆ ಸಿಕ್ಕಿಸಬಹುದು.