ಅಜ್ಜಿಯ ಚೀಲಕ್ಕೆ ಚೀಟಿಗಳು

ಕಣ್ಣು ಮಂಜಾದ ಅಜ್ಜಿ ಊರಿಗೆ ಹೊರಟಾಗ ಮೊಮ್ಮಕ್ಕಳು ಸಾಮಾನಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತಾರೆ. ಇಂಗ್ಲಿಷ್ ಮುದ್ರಣದಲ್ಲಿ 18 ಪಾಯಿಂಟ್ ಆದರೆ ದೊಡ್ಡಕ್ಷರವೆಂದು ಲೆಕ್ಕ. ಕನ್ನಡಕ್ಕೆ ಅದು ಸಾಲದು. ‘ಮಾತ್ರೆ’ಯ ಕೆಳಗೆ ಕೂತ ಒತ್ತು ಮೇಲಿನ ಅಕ್ಷರಕ್ಕಿಂತ ಚಿಕ್ಕದು, ಮೊದಲು ಮಸುಕಾಗುವುದೂ ಅದೇ. 30 ಪಾಯಿಂಟಿನಿಂದ ಶುರುಮಾಡಿ, ಒತ್ತು ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಬಿಡಿ. ಹೊಳಪಿನ ಕಾಗದ ಬೇಡ; ಪೊರೆ ಬಂದ ಕಣ್ಣಿಗೆ ಅದರ ಮೇಲಿನ ಬೆಳಕು ಚುಚ್ಚುತ್ತದೆ. ತಿಳಿಹಳದಿ ರಟ್ಟಿನ ಮೇಲೆ ದಪ್ಪ ಕಪ್ಪು ಮಾರ್ಕರಿನಲ್ಲಿ ಕೈಯಾರೆ ಬರೆದರೂ ಸರಿಯೇ.

ಆದರೆ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಗ್ಲಾಕೋಮಾದಿಂದ ಸುತ್ತಲಿನ ನೋಟ ಕುಗ್ಗಿದವರಿಗೆ ತೀರಾ ದೊಡ್ಡ ಪದ ಒಂದೇ ನೋಟಕ್ಕೆ ಸಿಗುವುದಿಲ್ಲ. ಅಜ್ಜಿ ಚೀಲ ತುಂಬುವ ಜಾಗದಲ್ಲೇ, ಸಂಜೆಯ ದೀಪದಲ್ಲಿ, ಅವರದೇ ಕನ್ನಡಕ ಹಾಕಿಸಿ ಗಟ್ಟಿಯಾಗಿ ಓದಿಸಿ ನೋಡಿ. ತಡವರಿಸಿದಲ್ಲಿ ಪದವನ್ನೇ ಬದಲಿಸಿ: ‘ವಸ್ತ್ರ’ ಬೇಡ, ‘ಸೀರೆ’ ಎನ್ನಿ.

ನಿಜವಾದ ತೊಡಕು ಓದಿನಲ್ಲಲ್ಲ, ಗುರುತು ಹಾಕುವುದರಲ್ಲಿ. ಪೆನ್ನಿನ ಸಣ್ಣ ಗೀಟು ಅಜ್ಜಿಗೆ ಕಾಣದು; ಟವೆಲು ಇಟ್ಟಾಯಿತೋ ಇಲ್ಲವೋ ಎಂದು ಚೀಲವನ್ನೇ ಮತ್ತೆ ಬಿಚ್ಚುತ್ತಾರೆ. ಅದಕ್ಕೇ ಪಟ್ಟಿಯನ್ನು ಕತ್ತರಿಸಿ, ಒಂದು ಚೀಟಿಗೆ ಒಂದೇ ಸಾಮಾನು ಬರೆಯಿರಿ. ಧಾರವಾಡದಿಂದ ಧರ್ಮಸ್ಥಳಕ್ಕೆ ಎರಡು ದಿನದ ಪ್ರಯಾಣವೆಂದರೆ ಎರಡು ಸೀರೆ, ಟವೆಲು, ಶಾಲು, ಮಾತ್ರೆ, ಕಣ್ಣಿನ ಡ್ರಾಪ್ಸ್, ಆಧಾರ್ ಕಾರ್ಡ್. ಬೀರುವಿನವು ಮೊದಲು, ಬಚ್ಚಲಿನವು ಆಮೇಲೆ ಎಂದು ಮನೆಯೊಳಗೆ ಅಜ್ಜಿ ಓಡಾಡುವ ಕ್ರಮದಲ್ಲೇ ಜೋಡಿಸಿ. ಸಾಮಾನು ಚೀಲಕ್ಕೆ ಬಿದ್ದೊಡನೆ ಅದರ ಚೀಟಿ ಡಬ್ಬಿಗೆ ಬೀಳಲಿ. ಕೈಯಲ್ಲಿ ಉಳಿದ ಚೀಟಿಯೇ ಬಾಕಿ ಕೆಲಸ. ಡಬ್ಬಿಯೂ ಜೊತೆಗೆ ಹೋಗಲಿ. ವಾಪಸು ಹೊರಡುವಾಗ ಅವೇ ಚೀಟಿ ಸಾಕು.

ಕನ್ನಡಕದ ಪೆಟ್ಟಿಗೆ, ಹಲ್ಲಿನ ಸೆಟ್ಟು, ಬೆಳಗಿನ ಮಾತ್ರೆ ರಾತ್ರಿಯೇ ಚೀಲ ಸೇರುವಂತಿಲ್ಲ. ಮರೆಯುವುದೂ ಹೆಚ್ಚಾಗಿ ಇವನ್ನೇ. ಇವುಗಳ ಚೀಟಿಗೆ ತೂತು ಹೊಡೆದು ಚೀಲದ ಹಿಡಿಗೆ ದಾರದಿಂದ ಕಟ್ಟಿ. ಒಂದೇ ಥರದ ಎರಡು ಡ್ರಾಪ್ಸ್ ಬಾಟಲಿ ಇದ್ದರೆ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ‘ರಬ್ಬರ್ ಇದ್ದದ್ದು ರಾತ್ರಿಗೆ’ ಎಂದು ಹೇಳಿಕೊಡಿ.

ಓದಲು ಆಗದವರಿಗೆ ಧ್ವನಿಯೇ ಗತಿ. ಇಲ್ಲೊಂದು ಎಡವಟ್ಟಿದೆ: ವಾಟ್ಸಾಪಿನಲ್ಲಿ ಸಾಲಾಗಿ ಕಳಿಸಿದ ಧ್ವನಿ ಸಂದೇಶಗಳು ಒಂದರ ಹಿಂದೊಂದು ತಾವಾಗಿಯೇ ಓಡುತ್ತವೆ. ಅಜ್ಜಿ ಶಾಲು ಹುಡುಕುವಷ್ಟರಲ್ಲಿ ಫೋನು ಆಧಾರ್ ಕಾರ್ಡಿಗೆ ಬಂದಿರುತ್ತದೆ. ಪ್ರತಿ ಧ್ವನಿ ಸಂದೇಶದ ನಡುವೆ ಒಂದು ಚುಕ್ಕೆಯನ್ನೋ ಚಿತ್ರವನ್ನೋ ಕಳಿಸಿದರೆ ಆ ಸರಪಳಿ ತುಂಡಾಗುತ್ತದೆ. ವೈದ್ಯರು ಮಾತ್ರೆ ಬದಲಿಸಿದ ದಿನವೇ ಹಳೆಯ ಚೀಟಿ ಹರಿದುಹಾಕಿ, ಹಳೆಯ ಧ್ವನಿಯನ್ನೂ ಅಳಿಸಿ.