ಜರ್ಮನ್ ಪರದೆಯ ಮುಂದೆ ಕನ್ನಡಿಗನ ಕೀಲಿಗೊಂಚಲು

ಸ್ಟಟ್‌ಗಾರ್ಟ್‌ನಲ್ಲಿ ಕೆಲಸ ಮಾಡುವ ಹಾಸನದ ಇಂಜಿನಿಯರ್ ಒಬ್ಬರನ್ನು ಊಹಿಸಿಕೊಳ್ಳಿ. ಹಳೆಯ ಆಂಡ್ರಾಯ್ಡ್ ಫೋನು ನೀರಿಗೆ ಬಿದ್ದು ಸತ್ತಿದೆ. ಹೊಸ ಫೋನನ್ನು ಅಲ್ಲಿನ ಅಂಗಡಿಯವರೇ ಜರ್ಮನ್‌ನಲ್ಲಿ ಆನ್ ಮಾಡಿಕೊಟ್ಟಿದ್ದಾರೆ. ಇವರ ಪಾಸ್‌ವರ್ಡ್‌ಗಳೆಲ್ಲ ಬಿಟ್‌ವಾರ್ಡನ್‌ನಲ್ಲಿವೆ. ಅದನ್ನು ತೆರೆಯಲು ಮಾಸ್ಟರ್ ಪಾಸ್‌ವರ್ಡ್ ಜೊತೆಗೆ ಗೂಗಲ್ ಅಥೆಂಟಿಕೇಟರ್ ಕೊಡುವ 6 ಅಂಕಿಯ ಕೋಡ್ ಬೇಕು. ಅಥೆಂಟಿಕೇಟರ್ ಮರಳಿ ಬರಬೇಕಾದರೆ ಗೂಗಲ್ ಖಾತೆಗೆ ಲಾಗಿನ್ ಆಗಬೇಕು. ಗೂಗಲ್ ಪಾಸ್‌ವರ್ಡ್ ಇರುವುದು ಬಿಟ್‌ವಾರ್ಡನ್ ಒಳಗೆ. ಒಂದು ಬೀಗದ ಕೀಲಿ ಇನ್ನೊಂದು ಬೀಗದೊಳಗೆ ಸಿಕ್ಕಿಕೊಂಡಿದೆ, ಬಾಗಿಲ ಮೇಲಿನ ಸೂಚನೆ ಓದಲು ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಸರಿಪಡಿಸಬೇಕಾದದ್ದು ಭಾಷೆ. ಸೆಟ್ಟಿಂಗ್ಸ್ ಚಕ್ರದ ಗುರುತು ಎಲ್ಲ ದೇಶದಲ್ಲೂ ಒಂದೇ. ಅದನ್ನು ತೆರೆದು ಮೇಲಿನ ಹುಡುಕು ಪೆಟ್ಟಿಗೆಯಲ್ಲಿ Sprache ಎಂದು ಟೈಪ್ ಮಾಡಿದರೆ ಭಾಷೆಗಳ ಪಟ್ಟಿ ಸಿಗುತ್ತದೆ. ಅಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುವುದರಿಂದ 'ಕನ್ನಡ'ವನ್ನು ಹುಡುಕುವುದು ಕಷ್ಟವಲ್ಲ. ಆದರೆ ಕನ್ನಡವನ್ನು ಸೇರಿಸಿ ಅಲ್ಲಿಗೇ ನಿಲ್ಲಿಸಬಾರದು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈಚೆಗೆ ಫೋನು ಒಂದೇ ಭಾಷೆಯನ್ನಲ್ಲ, ಭಾಷೆಗಳ ಸಾಲನ್ನೇ ಇಟ್ಟುಕೊಳ್ಳುತ್ತದೆ. ಒಂದು ಆ್ಯಪ್‌ನಲ್ಲಿ ಕನ್ನಡ ಇಲ್ಲದಿದ್ದರೆ ಅದು ಸಾಲಿನ ಎರಡನೇ ಭಾಷೆಗೆ ಹೋಗುತ್ತದೆ. ಎರಡನೆಯದು ಜರ್ಮನ್ ಆಗಿದ್ದರೆ, ಫೋನೆಲ್ಲ ಕನ್ನಡವಾದರೂ ಆ ಆ್ಯಪ್ ಮಾತ್ರ ಜರ್ಮನ್‌ನಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಕನ್ನಡ, ಆಮೇಲೆ ಇಂಗ್ಲಿಷ್, ಕೊನೆಗೆ ಜರ್ಮನ್ ಎಂದು ಎಳೆದು ಜೋಡಿಸಬೇಕು.

ಇಷ್ಟಾದರೂ ಬ್ರೌಸರ್‌ನಲ್ಲಿ ತೆರೆಯುವ ಲಾಗಿನ್ ಪುಟ ಜರ್ಮನ್‌ನಲ್ಲಿ ಬರಬಹುದು. ನೀವು ಯಾರೆಂದು ತಿಳಿಯುವ ಮೊದಲು ಆ ಪುಟಕ್ಕೆ ಗೊತ್ತಿರುವುದು ನಿಮ್ಮ ಬ್ರೌಸರ್ ಮತ್ತು ನೀವಿರುವ ದೇಶ ಮಾತ್ರ. ನೀವು ಆರಿಸಿಟ್ಟ ಭಾಷೆ ಅದಕ್ಕೆ ತಿಳಿಯುವುದು ಲಾಗಿನ್ ಆದ ಮೇಲೆ. ಗೂಗಲ್ ಲಾಗಿನ್ ಪುಟದ ಕೆಳಗಡೆ ಭಾಷೆ ಬದಲಿಸುವ ಪಟ್ಟಿಯಿದೆ. ಅದು ಕಣ್ಣಿಗೆ ಬೀಳದಿದ್ದರೆ ಭಾಷೆಯನ್ನು ವಿಳಾಸದಲ್ಲೇ ಹೇಳಬಹುದು.

```
https://accounts.google.com/?hl=kn
```

kn ಇದ್ದಲ್ಲಿ en ಎಂದರೆ ಇಂಗ್ಲಿಷ್ ಬರುತ್ತದೆ.

ಅರ್ಥವಾಗದ ಪರದೆಯನ್ನು ಸ್ಕ್ರೀನ್‌ಶಾಟ್ ತೆಗೆದು ಅನುವಾದಿಸೋಣ ಎಂದರೆ ಅದು ಎಲ್ಲ ಕಡೆ ನಡೆಯುವುದಿಲ್ಲ. ಆಂಡ್ರಾಯ್ಡ್‌ನ ಬಿಟ್‌ವಾರ್ಡನ್, ಅಥೆಂಟಿಕೇಟರ್ ಆ್ಯಪ್‌ಗಳು ಸ್ಕ್ರೀನ್‌ಶಾಟನ್ನು ತಡೆಯುತ್ತವೆ. ಇನ್ನೊಂದು ಫೋನಿನ ಕ್ಯಾಮೆರಾ ಹಿಡಿದು ಅನುವಾದ ಓದಬಹುದು. ಆದರೆ ರಿಕವರಿ ಕೋಡ್ ಅಥವಾ ಕ್ಯೂಆರ್ ಕೋಡ್ ಕಾಣುವ ಪರದೆಯನ್ನು ಮಾತ್ರ ಯಾರ ಫೋನಿನಲ್ಲೂ ಚಿತ್ರ ಮಾಡಿಕೊಳ್ಳಬೇಡಿ. ಆ ಚಿತ್ರ ಫೋಟೊ ಬ್ಯಾಕಪ್‌ಗೆ ಸೇರಿದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಗುಂಡಿಗಳ ಮೇಲಿನ ಮೂರು ಪದ ಗೊತ್ತಿದ್ದರೆ ಅರ್ಧ ಅಪಾಯ ಕಳೆದಂತೆ. Wiederherstellen ಎಂದರೆ ಮರಳಿ ಪಡೆ, ಅದನ್ನು ಒತ್ತಬಹುದು. Zurücksetzen ಎಂದರೆ ಮೊದಲಿನ ಸ್ಥಿತಿಗೆ ತರುವುದು, Löschen ಎಂದರೆ ಅಳಿಸುವುದು. ಇವೆರಡನ್ನು ಅವಸರದಲ್ಲಿ ಮುಟ್ಟಬಾರದು.

ಇನ್ನು ಸುತ್ತು ಬಿಡಿಸುವ ಕೆಲಸ. ನಮ್ಮ ಇಂಜಿನಿಯರ್‌ಗೆ ಮಾಸ್ಟರ್ ಪಾಸ್‌ವರ್ಡ್ ಬಾಯಿಪಾಠ. ಅದು ಮರೆತುಹೋದರೆ ಬಿಟ್‌ವಾರ್ಡನ್ ಕಂಪನಿಯೂ ತೆಗೆದುಕೊಡಲಾರದು, ಏಕೆಂದರೆ ಅದು ಸರ್ವರ್‌ನಲ್ಲಿ ಇರುವುದೇ ಇಲ್ಲ. ಮನೆಯ ಕಡತದಲ್ಲಿ ಎರಡು ಕಾಗದಗಳಿವೆ. ಒಂದರಲ್ಲಿ ಬಿಟ್‌ವಾರ್ಡನ್‌ನ 32 ಅಕ್ಷರಗಳ ರಿಕವರಿ ಕೋಡ್, ಇನ್ನೊಂದರಲ್ಲಿ ಗೂಗಲ್‌ನ ಹತ್ತು ಬ್ಯಾಕಪ್ ಕೋಡ್‌ಗಳು. ಗೂಗಲ್‌ನ ಒಂದೊಂದು ಕೋಡ್‌ನಲ್ಲೂ 8 ಅಂಕಿ, ಒಂದೊಂದೂ ಒಂದೇ ಸಲಕ್ಕೆ.

ಅವರು ಕಂಪ್ಯೂಟರ್‌ನಲ್ಲಿ ಈ ವಿಳಾಸ ತೆರೆಯಬೇಕು.

```
https://vault.bitwarden.com/#/recover-2fa
```

ಪುಟ ಯಾವ ಭಾಷೆಯಲ್ಲಿದ್ದರೂ ವಿಳಾಸದ ಸಾಲು ಬದಲಾಗದು, ಹಾಗಾಗಿ ಕಣ್ಣು ಅಲ್ಲಿರಲಿ. ಇದರ ನೆರೆಯಲ್ಲೇ recover-delete ಎಂಬ ಇನ್ನೊಂದು ಪುಟವಿದೆ. ಅದು ಮಾಸ್ಟರ್ ಪಾಸ್‌ವರ್ಡ್ ಮರೆತವರು ಖಾತೆಯನ್ನೇ ಅಳಿಸಿ ಹೊಸದಾಗಿ ಶುರುಮಾಡುವ ದಾರಿ. ಭಾಷೆ ಬಾರದವರಿಗೆ ಎರಡೂ ಪುಟ ಒಂದೇ ಥರ ಕಾಣಬಹುದು.

ಮೇಲ್ ವಿಳಾಸ, ಮಾಸ್ಟರ್ ಪಾಸ್‌ವರ್ಡ್, ರಿಕವರಿ ಕೋಡ್ ಮೂರನ್ನೂ ಕೊಟ್ಟ ಮೇಲೂ 'ತಪ್ಪು' ಎಂಬ ಸಂದೇಶ ಬಂದರೆ ನೆನಪನ್ನು ದೂರುವ ಮೊದಲು ಎರಡು ವಿಷಯ ನೋಡಿ. ಒಂದು ಕೀಬೋರ್ಡ್. ಜರ್ಮನ್ ಕೀಬೋರ್ಡ್‌ನಲ್ಲಿ y ಮತ್ತು z ಜಾಗ ಬದಲಿಸಿಕೊಂಡಿರುತ್ತವೆ, @ ಮೊದಲಾದ ಚಿಹ್ನೆಗಳೂ ಬೇರೆಡೆ ಕೂತಿರುತ್ತವೆ. ಪಾಸ್‌ವರ್ಡ್ ಚುಕ್ಕೆಗಳಾಗಿ ಕಾಣುವುದರಿಂದ ಬೆರಳಿನ ಅಭ್ಯಾಸದ ತಪ್ಪು ತಿಳಿಯುವುದೇ ಇಲ್ಲ. ಪಕ್ಕದ ಕಣ್ಣಿನ ಚಿಹ್ನೆ ಒತ್ತಿ ಅಕ್ಷರಗಳನ್ನು ಓದಿ. ಇನ್ನೊಂದು ಸರ್ವರ್. ಬಿಟ್‌ವಾರ್ಡನ್‌ಗೆ bitwarden.com, bitwarden.eu ಎಂಬ ಎರಡು ಪ್ರತ್ಯೇಕ ನೆಲೆಗಳಿವೆ. ಒಂದರಲ್ಲಿ ತೆರೆದ ಖಾತೆ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಯುರೋಪಿಗೆ ಬಂದ ಮೇಲೆ ಖಾತೆ ತೆರೆದವರು .eu ಆರಿಸಿಕೊಂಡಿದ್ದು ಮರೆತಿರಬಹುದು. ಹೊಸ ಆ್ಯಪ್‌ನಲ್ಲೂ ಇದನ್ನು ಲಾಗಿನ್‌ಗೆ ಮೊದಲೇ ಆರಿಸಬೇಕು.

ರಿಕವರಿ ಕೋಡ್ ಒಪ್ಪಿಗೆಯಾದರೆ ಎರಡನೇ ಹಂತದ ಕಾವಲು ಪೂರ್ತಿ ಕಳಚುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಎರಡನೇ ಹಂತ ಇಲ್ಲದ ಖಾತೆಗೆ ಹೊಸ ಸಾಧನದಿಂದ ಲಾಗಿನ್ ಆದರೆ ಮೇಲ್‌ಗೆ ಕೋಡ್ ಕಳಿಸುವ ಪದ್ಧತಿಯನ್ನು ಬಿಟ್‌ವಾರ್ಡನ್ 2025ರಲ್ಲಿ ತಂದಿದೆ. ನಮ್ಮವರ ಜಿಮೇಲ್ ಇನ್ನೂ ತೆರೆದಿಲ್ಲ. ಆದ್ದರಿಂದ ಕಂಪ್ಯೂಟರ್‌ನಲ್ಲಿ ತೆರೆದ ಪುಟದಿಂದ ಲಾಗ್‌ಔಟ್ ಆಗದೆ, ಫೋನಿನ ಆ್ಯಪ್ ಕಡೆ ಹೋಗದೆ, ಮೊದಲು ಗೂಗಲ್ ಪಾಸ್‌ವರ್ಡ್ ಎತ್ತಿಕೊಳ್ಳಬೇಕು. ಅದರೊಂದಿಗೆ 8 ಅಂಕಿಯ ಒಂದು ಬ್ಯಾಕಪ್ ಕೋಡ್ ಕೊಟ್ಟು ಹೊಸ ಫೋನಿನಲ್ಲಿ ಗೂಗಲ್‌ಗೆ ಲಾಗಿನ್ ಆಗಬೇಕು. ಇದನ್ನು ಮನೆಯ ವೈಫೈನಲ್ಲೇ ಮಾಡುವುದು ಒಳ್ಳೆಯದು. ಪರಿಚಯವಿಲ್ಲದ ಜಾಗದ ಲಾಗಿನ್ ಅನ್ನು ಗೂಗಲ್ ಹೆಚ್ಚು ಅನುಮಾನದಿಂದ ನೋಡುತ್ತದೆ. ಬ್ಯಾಕಪ್ ಕೋಡ್ ಬದಲು ಎಸ್ಸೆಮ್ಮೆಸ್ ನೆಚ್ಚಿಕೊಂಡವರ ಊರಿನ ಸಿಮ್ ರೋಮಿಂಗ್‌ನಲ್ಲಿಲ್ಲದಿದ್ದರೆ ಕೋಡ್ ತಲುಪುವುದೇ ಇಲ್ಲ.

ಆಮೇಲೆ ಅಥೆಂಟಿಕೇಟರ್. 2023ರ ಏಪ್ರಿಲ್‌ಗೆ ಮೊದಲು ಈ ಆ್ಯಪ್‌ಗೆ ಗೂಗಲ್ ಖಾತೆಯ ಸಿಂಕ್ ಇರಲಿಲ್ಲ. ಹಳೆಯ ಫೋನಿನಿಂದ ಕ್ಯೂಆರ್ ತೋರಿಸಿಯೇ ಖಾತೆಗಳನ್ನು ಸಾಗಿಸಬೇಕಿತ್ತು. ಸಿಂಕ್ ಹಾಕಿಟ್ಟಿದ್ದವರಿಗೆ ಲಾಗಿನ್ ಆದ ಕೂಡಲೇ ಕೋಡ್‌ಗಳ ಪಟ್ಟಿ ಮರಳಿ ಬರುತ್ತದೆ. ಹಾಕಿರದಿದ್ದರೆ, ಹಳೆಯ ಫೋನೂ ಸತ್ತಿದ್ದರೆ, ಪಟ್ಟಿ ಖಾಲಿ. ಆಗ ಪ್ರತಿ ಸೈಟಿನಲ್ಲೂ ಅದರದೇ ಬ್ಯಾಕಪ್ ಕೋಡ್ ಕೊಟ್ಟು ಒಳಗೆ ಹೋಗಿ ಹೊಸ ಕ್ಯೂಆರ್ ಪಡೆಯುವುದೊಂದೇ ದಾರಿ.

ಪಟ್ಟಿ ಬಂದರೂ ಕೋಡ್‌ಗಳು ತಿರಸ್ಕೃತವಾಗುವುದುಂಟು. ಈ ಕೋಡ್ ಇಂಟರ್‌ನೆಟ್‌ನಿಂದ ಬರುವುದಲ್ಲ. ಫೋನಿನಲ್ಲಿರುವ ಗುಟ್ಟಿನ ಕೀಲಿ ಮತ್ತು ಆ ಹೊತ್ತಿನ ಸಮಯ ಎರಡನ್ನೂ ಸೇರಿಸಿ 30 ಸೆಕೆಂಡಿಗೊಮ್ಮೆ ಫೋನೇ ಲೆಕ್ಕ ಹಾಕುತ್ತದೆ. ಕಾಲವಲಯ ಯಾವುದಾದರೂ ಲೆಕ್ಕ ಕೆಡದು. ಆದರೆ ಕಾಲವಲಯವನ್ನು ಭಾರತದ್ದೇ ಬಿಟ್ಟು ಗಡಿಯಾರವನ್ನು ಮಾತ್ರ ಕೈಯಾರೆ ಜರ್ಮನಿಯ ಸಮಯಕ್ಕೆ ತಿರುಗಿಸಿದರೆ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿನ ಕೋಡ್ ಬರುತ್ತದೆ. ಸಮಯವನ್ನೂ ಕಾಲವಲಯವನ್ನೂ ಸ್ವಯಂಚಾಲಿತಕ್ಕೆ ಬಿಟ್ಟರೆ ಸರಿಹೋಗುತ್ತದೆ.

ಕೊನೆಗೆ ಬಿಟ್‌ವಾರ್ಡನ್‌ನಲ್ಲಿ ಎರಡನೇ ಹಂತವನ್ನು ಮತ್ತೆ ಹಾಕಬೇಕು. ಬಳಸಿದ ರಿಕವರಿ ಕೋಡ್ ಇನ್ನು ಕೆಲಸಕ್ಕೆ ಬಾರದು, ಹೊಸದನ್ನು ಬರೆದಿಡಬೇಕು. ಅಥೆಂಟಿಕೇಟರ್‌ನಲ್ಲಿ ಬಿಟ್‌ವಾರ್ಡನ್‌ನ ಹಳೆಯ ಸಾಲನ್ನು, ಹೊಸ ಸಾಲಿನ ಕೋಡ್‌ನಿಂದ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೆ ಮಾತ್ರ ಅಳಿಸಬೇಕು.

ಇಡೀ ಕಥೆಯಲ್ಲಿ ಸುತ್ತನ್ನು ಬಿಡಿಸಿದ್ದು ಎರಡು ಕಾಗದ. ಫೋನು ಸರಿಯಿರುವಾಗ, ಪರದೆ ನಿಮಗೆ ಓದಲು ಬರುವ ಭಾಷೆಯಲ್ಲಿರುವಾಗ, ಇವತ್ತೇ ಆ ಕಾಗದಗಳನ್ನು ಮಾಡಿಕೊಳ್ಳಿ. ರಿಕವರಿ ಕೋಡ್‌ಗಳ ಜೊತೆಗೆ ನಿಮ್ಮ ಖಾತೆ .com ನೆಲೆಯದೋ .eu ನೆಲೆಯದೋ ಎಂಬುದನ್ನೂ ಬರೆಯಿರಿ. ಮಾಸ್ಟರ್ ಪಾಸ್‌ವರ್ಡನ್ನು ಮಾತ್ರ ಅದೇ ಹಾಳೆಯಲ್ಲಿ ಬರೆಯಬೇಡಿ.